ಫೋಕಸ್ ತಪ್ಪಿದ ಮುಖದ ಜಾಗಕ್ಕೆ ಸ್ಪಷ್ಟ ಮುಖ: ಮೂರು ಬ್ಲರ್ ವಿಧಾನಗಳ ಹೋಲಿಕೆ

ಮದುವೆಯ ಗುಂಪು ಫೋಟೊದಲ್ಲಿ ಒಬ್ಬರು ಕಣ್ಣು ಮುಚ್ಚಿದ್ದರೆ, ಬೇರೊಂದು ಫ್ರೇಮಿನಿಂದ ಅವರದೇ ಮುಖವನ್ನು ತಂದು ಕೂರಿಸುವುದು ಆಲ್ಬಮ್ ಕೆಲಸದಲ್ಲಿ ವಾಡಿಕೆ. ಆ ವ್ಯಕ್ತಿ ಹಿಂದಿನ ಸಾಲಿನಲ್ಲಿ ತುಸು ಮಸುಕಾಗಿ ನಿಂತಿದ್ದು, ತಂದ ಮುಖ ಮಾತ್ರ ಸ್ಪಷ್ಟವಾಗಿದ್ದರೆ, ಬಣ್ಣ ಎಷ್ಟೇ ಹೊಂದಿದರೂ ಮುಖ ಅಂಟಿಸಿದಂತೆ ಕಾಣುತ್ತದೆ. ಇಂತಹ ಒಂದು ಚಿತ್ರದ ಮೇಲೆ ನಾನು ಫೋಟೊಶಾಪ್‌ನಲ್ಲಿ ಗಾಸಿಯನ್ ಬ್ಲರ್, ಲೆನ್ಸ್ ಬ್ಲರ್ ಮತ್ತು ಚಿತ್ರವನ್ನು ಕುಗ್ಗಿಸಿ ಹಿಗ್ಗಿಸುವ ಉಪಾಯ, ಈ ಮೂರನ್ನೂ ಪ್ರಯೋಗಿಸಿ ನೋಡಿದೆ.

ಚಿತ್ರ 24 ಮೆಗಾಪಿಕ್ಸೆಲ್ ಫುಲ್ ಫ್ರೇಮ್ ಕ್ಯಾಮೆರಾದ್ದು, 50 ಮಿ.ಮೀ. ಲೆನ್ಸ್, ಅಪರ್ಚರ್ 2.8. ಫೋಕಸ್ ಸುಮಾರು 4 ಮೀಟರ್ ದೂರದ ವಧೂವರರ ಮೇಲಿತ್ತು. ಕನ್ನಡಕ ಧರಿಸಿದ್ದ ಹಿರಿಯರೊಬ್ಬರು ಅವರಿಗಿಂತ ಅರ್ಧ ಮೀಟರಿಗೂ ತುಸು ಹೆಚ್ಚು ಹಿಂದೆ ನಿಂತಿದ್ದರು. ಮುಖ ಬದಲಿಸಿ ಕೊಡಿ ಎಂದು ಕೇಳಿದವರೂ ಅವರೇ. ಈ ಅಂತರಗಳನ್ನು ಇಟ್ಟು ಲೆಕ್ಕ ಹಾಕಿದರೆ, ಹಿಂದಿನ ಸಾಲಿನ ಪ್ರತಿಯೊಂದು ಬಿಂದುವೂ ಸುಮಾರು 5 ಪಿಕ್ಸೆಲ್ ಅಗಲದ ಪುಟ್ಟ ಬಿಲ್ಲೆಯಾಗಿ ಹರಡಿಕೊಂಡಿರುತ್ತದೆ. ಅಂದರೆ ನಮಗೆ ಬೇಕಾಗಿರುವುದು ಎರಡೂವರೆ ಪಿಕ್ಸೆಲ್ ತ್ರಿಜ್ಯದ ಮಸುಕು.

ಯಾವ ವಿಧಾನವನ್ನು ಆರಿಸಿಕೊಂಡರೂ ಮೊದಲು ಮುಖವನ್ನು ಸರಿಯಾದ ಗಾತ್ರಕ್ಕೆ ತರಬೇಕು. ಬ್ಲರ್ ಮಾಡಿದ ಮೇಲೆ ಕುಗ್ಗಿಸಿದರೆ ಮಸುಕೂ ಅದೇ ಪ್ರಮಾಣದಲ್ಲಿ ಕುಗ್ಗಿ, ಹಾಕಿದ ಲೆಕ್ಕ ಕೆಡುತ್ತದೆ. ಮುಖವನ್ನು ತೆಗೆದುಕೊಂಡ ಚಿತ್ರ ರಾ ಫೈಲ್ ಆಗಿದ್ದರೆ ಅದರ ಶಾರ್ಪನಿಂಗ್ ಅನ್ನು ಸೊನ್ನೆಗೆ ಇಳಿಸಿ ತೆರೆಯುವುದು ಲೇಸು. ಅಡೋಬಿ ಕ್ಯಾಮೆರಾ ರಾ ತಾನಾಗಿಯೇ 40 ಹಾಕಿರುತ್ತದೆ, ಮತ್ತು ಅದರಿಂದ ಹುಟ್ಟುವ ತೆಳುವಾದ ಬಿಳಿ ಅಂಚು ಬ್ಲರ್ ಆದ ಮೇಲೂ ಹುಬ್ಬು ಹಾಗೂ ಕನ್ನಡಕದ ಸುತ್ತ ಉಳಿದುಬಿಡುತ್ತದೆ.

ಕುಗ್ಗಿಸಿ ಹಿಗ್ಗಿಸುವ ಉಪಾಯವನ್ನು ನಾನು ಬೇಗನೆ ಕೈಬಿಟ್ಟೆ. ಮುಖವನ್ನು ಅರ್ಧಕ್ಕೆ ಇಳಿಸಿ ಮತ್ತೆ ಏರಿಸಿದಾಗ ಕೂದಲ ಎಳೆಗಳು ಮಾಯವಾದರೂ ಕನ್ನಡಕದ ಚೌಕಟ್ಟಿನ ಗೆರೆ ಗಡುಸಾಗಿಯೇ ಉಳಿಯಿತು. ಅದು ಫೋಕಸ್ ತಪ್ಪಿದ ಚಿತ್ರದಂತಲ್ಲ, ಕಡಿಮೆ ಗುಣಮಟ್ಟದ ಫೈಲಿನಂತೆ ಕಾಣುತ್ತದೆ.

ನಿಜವಾದ ಸ್ಪರ್ಧೆ ಇರುವುದು ಉಳಿದೆರಡರ ನಡುವೆ. ಗಾಸಿಯನ್ ಬ್ಲರ್ ಬೆಳಕನ್ನು ನಡುವಿನಲ್ಲಿ ದಟ್ಟವಾಗಿಯೂ ಹೊರಗೆ ಹೋದಂತೆ ತೆಳುವಾಗಿಯೂ ಹರಡುತ್ತದೆ. ಲೆನ್ಸ್ ಹಾಗೆ ಮಾಡುವುದಿಲ್ಲ. ಅದು ಬಿಂದುವನ್ನು ಹೆಚ್ಚುಕಡಿಮೆ ಸಮನಾದ ಬಿಲ್ಲೆಯಾಗಿಸುತ್ತದೆ. ಒಂದೇ ಮಟ್ಟದ ಮಸುಕಿಗೆ ಗಾಸಿಯನ್ ಅಳತೆ ಬಿಲ್ಲೆಯ ತ್ರಿಜ್ಯದ ಅರ್ಧದಷ್ಟಿದ್ದರೆ ಸಾಕು, ಇಲ್ಲಿ 1.2ರ ಆಸುಪಾಸು. ಕೆನ್ನೆ, ಹಣೆ, ಮೀಸೆಗಳಲ್ಲಿ ಎರಡಕ್ಕೂ ವ್ಯತ್ಯಾಸ ಹುಡುಕಿದರೂ ಸಿಗಲಿಲ್ಲ. ವ್ಯತ್ಯಾಸ ಎದ್ದು ಕಂಡದ್ದು ಕಣ್ಣಿನೊಳಗಿನ ಬೆಳಕಿನ ಚುಕ್ಕೆಯಲ್ಲಿ. ಅಕ್ಕಪಕ್ಕ ನಿಂತವರ ಕಣ್ಣಿನಲ್ಲಿ ಅದು ಪುಟ್ಟದಾದರೂ ಬೆಳ್ಳಗೆ, ಗುಂಡಗೆ ಇತ್ತು. ಗಾಸಿಯನ್ ಬ್ಲರ್ ಅದನ್ನು ಬೂದು ಬಣ್ಣಕ್ಕೆ ತಿರುಗಿಸಿ, ನೋಟವನ್ನೇ ಮಂಕಾಗಿಸಿತು. ಲೆನ್ಸ್ ಬ್ಲರ್‌ನಲ್ಲಿ Specular Highlights ಕೆಳಗಿನ Threshold ಅನ್ನು ಸ್ವಲ್ಪ ಇಳಿಸಿ, Brightness ಅನ್ನು ತುಸು ಏರಿಸಿದಾಗ ಆ ಹೊಳಪು ಮರಳಿತು. ಆದರೆ ಹೆಚ್ಚು ಏರಿಸಿದರೆ ಮೂಗಿನ ಮೇಲಿನ ಎಣ್ಣೆಯ ಮಿನುಗೂ ಬಿಲ್ಲೆಯಾಗುತ್ತದೆ.

ಲೆನ್ಸ್ ಬ್ಲರ್‌ಗೂ ಒಂದು ತೊಡಕಿದೆ. ಅದರ Radius ಪೂರ್ಣಾಂಕಗಳಲ್ಲಿ ಮಾತ್ರ ಏರಿಳಿಯುತ್ತದೆ. ಎರಡೂವರೆ ಬೇಕಾದಲ್ಲಿ 2 ಇಲ್ಲವೇ 3ಕ್ಕೆ ತೃಪ್ತರಾಗಬೇಕು. ಗಾಸಿಯನ್‌ನಲ್ಲಿ ದಶಮಾಂಶ ಸಿಗುತ್ತದೆ, ಮತ್ತು ಸ್ಮಾರ್ಟ್ ಫಿಲ್ಟರ್ ಆಗಿ ಹಾಕಿದರೆ ಆಮೇಲೂ ತಿದ್ದಬಹುದು. ಹೀಗಾಗಿ ಇಡೀ ಮುಖಕ್ಕೆ ಗಾಸಿಯನ್ ಹಾಕಿ, ಲೆನ್ಸ್ ಬ್ಲರ್ ಮಾಡಿದ ಪ್ರತಿಯನ್ನು ಕಣ್ಣು ಮತ್ತು ಕನ್ನಡಕದ ಮಿನುಗಿನ ಮೇಲೆ ಮಾತ್ರ ಮಾಸ್ಕ್‌ನಿಂದ ತೆರೆದಿಡುವುದೇ ನನಗೆ ಹೆಚ್ಚು ಒಪ್ಪಿಗೆಯಾಯಿತು.

ಅಳತೆ ಸರಿಯಾಗಿದೆಯೇ ಎಂದು ತಿಳಿಯಲು ಚರ್ಮವನ್ನು ನೋಡಿ ಪ್ರಯೋಜನವಿಲ್ಲ. ಚಿತ್ರವನ್ನು 300 ಪ್ರತಿಶತಕ್ಕೆ ಹಿಗ್ಗಿಸಿ, ಆ ಹಿರಿಯರ ಬಿಳಿ ಅಂಗಿಯ ಕಾಲರ್ ಹಿಂದಿನ ಗಾಢ ಪರದೆಗೆ ತಾಗುವ ಕಡೆ, ಬಿಳಿ ಕಪ್ಪಾಗಲು ಎಷ್ಟು ಪಿಕ್ಸೆಲ್ ಹಿಡಿಯುತ್ತದೆ ಎಂದು ಎಣಿಸಬೇಕು. ತಂದ ಮುಖದ ಕನ್ನಡಕದ ಅಂಚೂ ಅಷ್ಟೇ ಹಿಡಿದರೆ ಹೊಂದಿದೆ ಎಂದರ್ಥ. ಬದಲಿಸಬೇಕಾದ ಹಳೆಯ ಮುಖದ ಅಂಚುಗಳು ಒಂದೇ ದಿಕ್ಕಿನಲ್ಲಿ ಎಳೆದಂತೆ ಕಂಡರೆ ಅದು ತಲೆ ಅಲುಗಾಡಿದ ಮಸುಕು. ಅಲ್ಲಿ ಈ ಯಾವ ವಿಧಾನವೂ ನಡೆಯುವುದಿಲ್ಲ.

ಮುಖವನ್ನು ಕತ್ತರಿಸಿಕೊಂಡು ಬ್ಲರ್ ಮಾಡಿದರೆ ಅಂಚು ಪಾರದರ್ಶಕವಾಗಿ, ಕೆಳಗಿರುವ ಹಳೆಯ ಮುಖ ಕಿವಿಯ ಬಳಿ ಇಣುಕುತ್ತದೆ. ಆದ್ದರಿಂದ ಸುತ್ತಲಿನ ಕೂದಲು, ಕುತ್ತಿಗೆಗಳನ್ನು ಧಾರಾಳವಾಗಿ ಉಳಿಸಿಕೊಂಡು ಬ್ಲರ್ ಮಾಡಿ, ಆಮೇಲೆ ಮಾಸ್ಕ್ ಹಾಕಬೇಕು. ಕೊನೆಯದು ಗ್ರೇನ್. ಫೋಕಸ್ ತಪ್ಪಿದರೂ ಸೆನ್ಸರ್‌ನ ಗ್ರೇನ್ ಮಸುಕಾಗುವುದಿಲ್ಲ, ನಾವು ಹಾಕಿದ ಬ್ಲರ್ ಮಾತ್ರ ಅದನ್ನೂ ಅಳಿಸಿಬಿಡುತ್ತದೆ. ಹೊಸ ಮುಖ ಮೇಣದಂತೆ ನುಣುಪಾಗಿ ಕಂಡರೆ Add Noise ನಲ್ಲಿ Gaussian ಮತ್ತು Monochromatic ಆರಿಸಿ 1ರಿಂದ 2 ಪ್ರತಿಶತ ಸೇರಿಸಿ, ನೀಲಿ ಚಾನೆಲ್ಲನ್ನು ಒಂದನ್ನೇ ತೆರೆದು ಪಕ್ಕದವರ ಕೆನ್ನೆಯೊಡನೆ ಹೋಲಿಸಿ ನೋಡಬೇಕು. ಗ್ರೇನ್ ಹೆಚ್ಚು ಕಾಣುವುದು ಅಲ್ಲಿಯೇ.