ಬ್ರೇಕ್ ಹಿಡಿದಾಗ ಹ್ಯಾಂಡಲ್ ನಡುಗುತ್ತಾ? ಡಿಸ್ಕ್ ಬದಲಿಸುವ ಮೊದಲು ಕೋನ್ ಸೆಟ್ ನೋಡಿ

ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆ. ಒಂದು ತಿರುವಿನ ಮುಂಚೆ ಮುಂದಿನ ಬ್ರೇಕ್ ಹಿಡಿದೆ. ಹ್ಯಾಂಡಲ್ ಒಳಗಿಂದ 'ಟಕ್' ಅಂತ ಒಂದು ಪೆಟ್ಟು ಬಂತು, ಹಿಂದೆಯೇ ಇಡೀ ಮುಂಭಾಗ ಡಗಡಗ ನಡುಗಿತು. ಬ್ರೇಕ್ ಬಿಟ್ಟೆ, ನಿಂತಿತು. ಮತ್ತೆ ಹಿಡಿದೆ, ಮತ್ತೆ ಅದೇ. ಉಳಿದ ಘಾಟಿಯನ್ನು ಹಿಂದಿನ ಬ್ರೇಕ್ ಮತ್ತು ಎರಡನೇ ಗೇರಿನಲ್ಲೇ ಇಳಿದೆ. ಹಿಂದೆ ಲಾರಿ ಹಾರ್ನ್ ಹೊಡೆಯುತ್ತಲೇ ಇತ್ತು.

ಬೈಕು 150 ಸಿಸಿಯದು, 48,000 ಕಿಲೋಮೀಟರ್ ಓಡಿತ್ತು. ಮಾರನೇ ದಿನ ಗ್ಯಾರೇಜಿಗೆ ಒಯ್ದೆ. ಹೇಳಿದ್ದು ಕೇಳಿ ಮುಗಿಸುವ ಮೊದಲೇ "ಡಿಸ್ಕ್ ಬೆಂಡ್ ಆಗಿದೆ ಸಾರ್" ಅಂದರು. ಹೊಸ ಡಿಸ್ಕು, ಪ್ಯಾಡು, ಕೂಲಿ ಎಲ್ಲ ಸೇರಿ 3,400 ರೂಪಾಯಿ. ನಡುಕ ಇದ್ದ ಹಾಗೇ ಇತ್ತು. ಹಳೇ ಡಿಸ್ಕು ಈಗಲೂ ನಮ್ಮನೆ ಅಟ್ಟದ ಮೇಲಿದೆ. ಗಾಜಿನ ಟೇಬಲ್ ಮೇಲಿಟ್ಟರೆ ಎಲ್ಲೂ ಅಲ್ಲಾಡುವುದಿಲ್ಲ. ಇದೇನು ನಿಖರವಾದ ಪರೀಕ್ಷೆ ಅಲ್ಲ, ಆದರೂ ಹೊಟ್ಟೆ ಉರಿಯುತ್ತೆ.

ವ್ಯತ್ಯಾಸ ಗೊತ್ತಿದ್ದಿದ್ದರೆ ಆ ದುಡ್ಡು ಉಳಿಯುತ್ತಿತ್ತು. ಡಿಸ್ಕ್ ಬೆಂಡ್ ಆಗಿದ್ದರೆ ಬ್ರೇಕ್ ಲಿವರ್ ಬೆರಳಿನಡಿ ಉಬ್ಬಿ ಇಳಿಯುತ್ತೆ, ಆ ಮಿಡಿತ ಚಕ್ರ ನಿಧಾನವಾದಂತೆ ನಿಧಾನವಾಗುತ್ತೆ. ನನ್ನದರಲ್ಲಿ ಲಿವರ್ ಸುಮ್ಮನಿತ್ತು. ನಡುಕ ಬರುತ್ತಿದ್ದದ್ದು ಹ್ಯಾಂಡಲ್ಲಿಗೆ, ಅದಕ್ಕೂ ಮೊದಲು ಒಂದು ಪೆಟ್ಟು. ಬ್ರೇಕ್ ಮುಟ್ಟದೆ ಸಣ್ಣ ಗುಂಡಿ ಹಾರಿಸಿದರೂ ಅದೇ 'ಟಕ್' ಕೇಳುತ್ತಿತ್ತು. ಅದು ಸಡಿಲವಾದ ಕೋನ್ ಸೆಟ್ಟಿನ ಸದ್ದು. ಕೋನ್ ಸೆಟ್ ಅಂದರೆ ಚಾಸಿಯ ಮುಂದಿನ ಕೊಳವೆಯ ಮೇಲೆ ಕೆಳಗೆ ಇರುವ ಗುಂಡಿನ ಬೇರಿಂಗು. ಹ್ಯಾಂಡಲ್ಲನ್ನೂ ಫೋರ್ಕನ್ನೂ ತಿರುಗಿಸುವ ನಡುದಂಡ, ಅಂದರೆ ಸ್ಟೆಮ್ಮು, ಇದರಲ್ಲೇ ತಿರುಗುತ್ತೆ. ಬ್ರೇಕ್ ಹಿಡಿದಾಗ ರಸ್ತೆ ಚಕ್ರವನ್ನು ಹಿಂದಕ್ಕೆ ತಳ್ಳುತ್ತೆ, ಫೋರ್ಕು ಉದ್ದನೆಯ ಸನ್ನೆಕೋಲಿನ ಹಾಗೆ ಕೆಲಸ ಮಾಡುತ್ತೆ. ಬೇರಿಂಗಿನಲ್ಲಿ ಕೂದಲೆಳೆ ಜಾಗ ಇದ್ದರೂ ಸ್ಟೆಮ್ಮು ಚಾಸಿ ಒಳಗೆ ಹಿಂದೆ ಮುಂದೆ ಬಡಿದುಕೊಳ್ಳುತ್ತೆ.

ಎರಡನೇ ಗ್ಯಾರೇಜಿನಲ್ಲಿ ಕೋನ್ ಸೆಟ್ ಅಂತ ಸರಿಯಾಗೇ ಹೇಳಿದರು. ಆದರೆ ಸರಿಮಾಡಿದ ರೀತಿ ನೋಡಿ. ಹಲ್ಲಿರುವ ನಟ್ಟಿಗೆ ಕೊಕ್ಕೆ ಸಿಕ್ಕಿಸಿ ತಿರುಗಿಸುವ ಹುಕ್ ಸ್ಪ್ಯಾನರ್ ಇರಲಿಲ್ಲ. ಬೇರಿಂಗ್ ಬಿಗಿಸುವ ನಟ್ಟಿನ ಹಲ್ಲಿಗೆ ಉಳಿ ಇಟ್ಟು ಸುತ್ತಿಗೆಯಲ್ಲಿ ನಾಲ್ಕು ಏಟು. "ಗಟ್ಟಿ ಆಯ್ತು, ಹೋಗಿ." ನಡುಕ ಹೋಯಿತು, ನಿಜ. ಆದರೆ ಸಂತೆ ಬೀದಿಯಲ್ಲಿ ನಿಧಾನ ಹೋಗುವಾಗ ಬೈಕು ಹಾವಿನ ಹಾಗೆ ಹರಿಯತೊಡಗಿತು. ಎಡಕ್ಕೆ ವಾಲಿದರೆ ಅದಾಗಿ ನೇರ ಆಗುತ್ತಿರಲಿಲ್ಲ, ನಾನೇ ತಿರುಗಿಸಬೇಕಿತ್ತು. ಅತಿ ಬಿಗಿಯಾದರೆ ಹೀಗೇ ಆಗುವುದು. ಮೂರು ವಾರಕ್ಕೆ 'ಟಕ್' ಕೂಡ ವಾಪಸ್ ಬಂತು.

ಆಮೇಲೆ ಕಡೂರಿನ ಭಾವನ ಮನೆಗೆ ಒಯ್ದೆ. ಅವರು ಹಳೇ ಬೈಕು ಬಿಚ್ಚಿ ಕಟ್ಟುವ ಗೀಳಿನವರು. ನಡು ಸ್ಟ್ಯಾಂಡ್ ಹಾಕಿ, ಎಂಜಿನ್ ಕೆಳಗೆ ಮರದ ತುಂಡು ಕೊಟ್ಟು, ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿದರು. "ಇಲ್ಲಿ ಬೆರಳಿಡು" ಅಂತ ಚಾಸಿಯ ಕೊಳವೆಯೂ, ಫೋರ್ಕಿನ ಎರಡೂ ಪೈಪು ಹಿಡಿದಿರುವ ಕೆಳಗಿನ ಟಿಯೂ ಸೇರುವ ಸಂದಿ ತೋರಿಸಿದರು. ತಾವು ಕೂತು ಎರಡೂ ಫೋರ್ಕಿನ ತುದಿ, ಅಂದರೆ ಆಕ್ಸಲ್ ಹತ್ತಿರ ಹಿಡಿದು ಹಿಂದೆ ಮುಂದೆ ಎಳೆದರು. ಬೆರಳಿನಡಿ ಕಟ್, ಕಟ್.

"ಫೋರ್ಕಿನ ಬುಶ್ ಸವೆದಿದ್ದರೂ ಹೀಗೇ ಅಲ್ವಾ ಭಾವ?"

"ಆಗ ಅಲುಗಾಟ ಇಲ್ಲಿ ಗೊತ್ತಾಗಲ್ಲ. ಫೋರ್ಕಿನ ಕೆಳಗಿನ ದಪ್ಪ ಭಾಗಕ್ಕೂ ಒಳಗಿನ ಪೈಪಿಗೂ ಮಧ್ಯೆ ಗೊತ್ತಾಗುತ್ತೆ."

ಬೈಕ್ ನೆಲದ ಮೇಲೆ ನಿಲ್ಲಿಸಿ, ಬ್ರೇಕ್ ಹಿಡಿದು ತಳ್ಳಿ ನೋಡುವುದನ್ನು ಅವರು ಜಾಸ್ತಿ ನಂಬುವುದಿಲ್ಲ. ಕ್ಯಾಲಿಪರಿನಲ್ಲಿ ಪ್ಯಾಡ್ ಅಲ್ಲಾಡಿದರೂ ಅದೇ ಥರ ಸದ್ದು ಬರುತ್ತೆ.

ಹಿಂದಿನ ಕೆಲಸ ಮೂರೇ ವಾರ ಬಾಳಿದ್ದಕ್ಕೆ ಕಾರಣವನ್ನೂ ಅವರೇ ತೋರಿಸಿದರು. ಬೇರಿಂಗಿನ ನಟ್ ಬಿಗಿಸಿದಾಗ ಕೆಳಗಿನ ಟಿ ಸ್ವಲ್ಪ ಮೇಲೆ ಬರಬೇಕು, ಮೇಲಿನ ಟಿ ಇಳಿದು ಅದೇ ನಟ್ಟಿನ ಮೇಲೆ ಕೂರಬೇಕು. ಆದರೆ ಫೋರ್ಕಿನ ಪೈಪುಗಳನ್ನು ಎರಡೂ ಕಡೆ ಬೋಲ್ಟು ಹಿಡಿದುಕೊಂಡಿವೆ. ಕೆಳಗಿನ ಟಿಯ ಬೋಲ್ಟ್ ಸಡಿಲಿಸದಿದ್ದರೆ ಮೇಲಿನದು ಪೈಪುಗಳ ಮೇಲೆ ನೇತಾಡುತ್ತೆ. ಮೇಲಿನ ಟಿಯ ನಡುವಿನ ದೊಡ್ಡ ನಟ್ ಎಷ್ಟೇ ಬಿಗಿಸಿದರೂ ಒತ್ತಡ ಬೇರಿಂಗ್ ನಟ್ಟಿನ ಮೇಲೆ ಸರಿಯಾಗಿ ಬೀಳುವುದಿಲ್ಲ. ಅದು ಲಾಕ್ ಆಗದೆ ಮೆಲ್ಲಗೆ ಬಿಚ್ಚಿಕೊಳ್ಳುತ್ತೆ.

ಅವರು ಕೆಳಗಿನ ಟಿಯ ಬೋಲ್ಟು ಎರಡೂ ಕಡೆ ಸಡಿಲಿಸಿದರು. ಮೇಲಿನವನ್ನು ಮುಟ್ಟಲಿಲ್ಲ, ಎರಡೂ ಬಿಟ್ಟರೆ ಫೋರ್ಕು ಚಕ್ರದ ಸಮೇತ ಜಾರಿ ಬೀಳುತ್ತೆ. ಮೇಲಿನ ದೊಡ್ಡ ನಟ್ ಸಡಿಲಿಸಿ, ಹುಕ್ ಸ್ಪ್ಯಾನರಿನಲ್ಲಿ ಬೇರಿಂಗ್ ನಟ್ಟನ್ನು ಅಲುಗಾಟ ಹೋಗುವಷ್ಟು ಮಾತ್ರ ತಿರುಗಿಸಿದರು. ನಾನು ಹ್ಯಾಂಡಲ್ಲನ್ನು ನಿಧಾನಕ್ಕೆ ಆಚೀಚೆ ತಿರುಗಿಸಿದೆ. ಸರಿಯಾಗಿ ನೇರಕ್ಕೆ ಬಂದಾಗ ಏನೋ ಕುಳಿಯೊಳಗೆ ಬಿದ್ದ ಹಾಗೆ ಕೂತಿತು.

"ಹೋಯ್ತು, ಹೊಸ ಸೆಟ್ ತಾ" ಅಂದರು.

ಬಿಚ್ಚಿದಾಗ ಗುಂಡುಗಳು ಕೂರುವ ಕೆಳಗಿನ ಕಪ್ಪಿನಲ್ಲಿ ಗ್ರೀಸ್ ಅನ್ನುವುದೇ ಇರಲಿಲ್ಲ, ತುಕ್ಕಿನ ಕೆಸರು. ಪ್ರತಿ ಭಾನುವಾರ ಪೈಪ್ ಇಟ್ಟು ಜೋರಾಗಿ ನೀರು ಹೊಡೆಸುತ್ತಿದ್ದದ್ದು ನಾನೇ. ಉಗುರು ಆಡಿಸಿದರೆ ಗುಂಡುಗಳು ಕೂತ ಜಾಗದಲ್ಲೆಲ್ಲ ಸಣ್ಣ ಕುಳಿ ತಾಗುತ್ತಿತ್ತು. ಇಂಥದ್ದನ್ನು ಅಡ್ಜಸ್ಟ್ ಮಾಡಿ ಉಪಯೋಗವಿಲ್ಲ. ನೇರದಲ್ಲಿ ಸರಿ ಮಾಡಿದರೆ ತಿರುವಿನಲ್ಲಿ ಬಿಗಿ, ತಿರುವಿನಲ್ಲಿ ಸರಿ ಮಾಡಿದರೆ ನೇರದಲ್ಲಿ ಸಡಿಲ.

ಹೊಸ ಕಪ್ಪುಗಳನ್ನು ಸುತ್ತಲೂ ಸಮನಾಗಿ ತಟ್ಟುತ್ತ ಕೂರಿಸಿದರು. ತಳ ಮುಟ್ಟಿದಾಗ ಏಟಿನ ಸದ್ದೇ ಬದಲಾಗುತ್ತೆ, ಮೊಂಡಾಗಿದ್ದದ್ದು ಗಣಗಣ ಅನ್ನುತ್ತೆ. ಅಲ್ಲಿವರೆಗೆ ಬಿಡಬಾರದು. ಅರೆಬರೆ ಕೂತ ಕಪ್ಪು ರಸ್ತೆಯ ಏಟಿಗೆ ಒಳಗೆ ಹೋಗಿ ಮತ್ತೆ ಸಡಿಲ. ಎರಡೂ ಕಡೆ ಧಾರಾಳವಾಗಿ ಗ್ರೀಸ್.

ಇನ್ನು ಬಿಗಿಸುವುದು. ಮೊದಲು ಬೇರಿಂಗ್ ನಟ್ಟನ್ನು ಸ್ವಲ್ಪ ಜೋರಾಗೇ ಬಿಗಿಸಿ, ಹ್ಯಾಂಡಲ್ಲನ್ನು ಕೊನೆಯಿಂದ ಕೊನೆಗೆ ನಾಲ್ಕೈದು ಸಲ ತಿರುಗಿಸಿದೆವು, ಗುಂಡುಗಳು ಕೂರಲಿ ಅಂತ. ಆಮೇಲೆ ಕಾಲು ಸುತ್ತಿನಷ್ಟು ಹಿಂದಕ್ಕೆ ಬಿಟ್ಟು, ಅಲುಗಾಟ ಹೋಗುವಷ್ಟು ಮಾತ್ರ ಮತ್ತೆ ಮುಂದಕ್ಕೆ. ಆಮೇಲೆ ಮೇಲಿನ ದೊಡ್ಡ ನಟ್, ಕೊನೆಗೆ ಕೆಳಗಿನ ಟಿಯ ಬೋಲ್ಟುಗಳು.

ಇಲ್ಲಿಗೆ ಕೆಲಸ ಮುಗೀತು ಅಂದುಕೊಂಡಿದ್ದೆ. ನೇರ ನಿಲ್ಲಿಸಿದ ಹ್ಯಾಂಡಲ್ಲನ್ನು ಭಾವ ಒಂದು ಬೆರಳಲ್ಲಿ ತಳ್ಳಿದರು. ಅದು ಅರ್ಧಕ್ಕೇ ನಿಂತಿತು. ದೊಡ್ಡ ನಟ್ ಬಿಗಿಸಿದಾಗ ಥ್ರೆಡ್ಡಿನಲ್ಲಿದ್ದ ಸಡಿಲೆಲ್ಲ ಹೋಗಿ, ಕೆಳಗಿನ ಬೇರಿಂಗ್ ನಟ್ ಇನ್ನಷ್ಟು ಅದುಮಿರುತ್ತೆ. ಅದಕ್ಕೇ ಎಲ್ಲ ಬಿಗಿದ ಮೇಲೆ ಮತ್ತೆ ನೋಡಬೇಕಂತೆ. ಪುನಃ ಸಡಿಲಿಸಿ, ಬೇರಿಂಗ್ ನಟ್ಟನ್ನು ಕೂದಲಷ್ಟು ಹಿಂದೆ ಬಿಟ್ಟು, ಎಲ್ಲ ಬಿಗಿದು, ಮತ್ತೆ ತಳ್ಳಿದರು. ಮೂರನೇ ಸಲಕ್ಕೆ ಹ್ಯಾಂಡಲ್ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಪಕ್ಕಕ್ಕೆ ವಾಲಿ, ಕೊನೆವರೆಗೂ ಹೋಯಿತು. ಎರಡೂ ಕಡೆ ಹಾಗೇ. ಫೋರ್ಕು ಎಳೆದರೆ ಬೆರಳಿಗೆ ಏನೂ ಇಲ್ಲ. ಕೇಬಲ್ಲೋ ವೈರೋ ಎಳೆದು ಹಿಡಿದಿದ್ದರೆ ಈ ಪರೀಕ್ಷೆ ಸುಳ್ಳು ಹೇಳುತ್ತೆ, ಅದನ್ನು ಮೊದಲೇ ನೋಡಿಕೊಳ್ಳಿ.

ಹೊಸ ಸೆಟ್ ಕೂತ ಮೇಲೆ ಒಮ್ಮೆ ಸ್ವಲ್ಪ ಸಡಿಲ ಆಗುವುದುಂಟು. ನನ್ನದು 500 ಕಿಲೋಮೀಟರಿಗೆ ಬೆರಳಿಗೆ ತಾಗುವಷ್ಟು ಅಲುಗಿತು. ಅದೇ ಕ್ರಮದಲ್ಲಿ ಇನ್ನೊಮ್ಮೆ ಮಾಡಿದ್ದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಹುಕ್ ಸ್ಪ್ಯಾನರನ್ನು ನಾನೇ ಕೊಂಡುಕೊಂಡಿದ್ದೆ.