ಗೈಡೆನ್ಸ್ 5 ಸಾಕೇ, 11 ಬೇಕೇ?

ಬರಹದಿಂದ ಚಿತ್ರ ರಚಿಸುವ ಎಐ ಮಾದರಿ ಎಸ್‌ಡಿಎಕ್ಸ್‌ಎಲ್‌ನಲ್ಲಿ ಎರಡಂತಸ್ತಿನ ಮನೆಯ ರೆಂಡರ್ ತೆಗೆಯಬೇಕು: ಬಣ್ಣ ಬಳಿಯದ ಇಟ್ಟಿಗೆ ಗೋಡೆ, ಮೇಲೆ ಮೂರು ಕಿಟಕಿ, ಸಂಜೆಯ ಬೆಳಕು. ಆರಂಭದ ನಾಯ್ಸ್ ನಿರ್ಧರಿಸುವ ಸೀಡ್ ಬದಲಿಸದೆ, ಪ್ರಾಂಪ್ಟ್ ಅನ್ನು ಎಷ್ಟು ಬಿಗಿಯಾಗಿ ಅನುಸರಿಸಬೇಕೆಂದು ಹೇಳುವ ಗೈಡೆನ್ಸ್ ಸ್ಕೇಲ್ ಮಾತ್ರ ಬದಲಿಸಿ ನೋಡಿ.

11ರಲ್ಲಿ ಕಿಟಕಿ ಮೂರೇ ಬರುವ ಸಾಧ್ಯತೆ ಹೆಚ್ಚು. ಆದರೆ ಇಟ್ಟಿಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಸೂರಿನ ಕೆಳಗಿನ ನೆರಳು ಮಸಿಯಾಗುತ್ತದೆ, ಆಕಾಶಕ್ಕೆ ತಾಗುವ ಅಂಚಿನಲ್ಲಿ ಬಿಳಿ ಗೆರೆ ಕಾಣಿಸಿಕೊಳ್ಳುತ್ತದೆ. ಪ್ರಾಂಪ್ಟ್ ಇದ್ದಾಗಿನ ಮತ್ತು ಇಲ್ಲದಾಗಿನ ಊಹೆಗಳ ವ್ಯತ್ಯಾಸವನ್ನು ಈ ಸಂಖ್ಯೆ ಹಿಗ್ಗಿಸುವುದರಿಂದ ಬಣ್ಣವೂ ಅತಿಯಾಗುತ್ತದೆ.

5ರಲ್ಲಿ ನೆರಳಿನೊಳಗೂ ಗೋಡೆ ಕಾಣುತ್ತದೆ, ಗಾಜಿನ ಪ್ರತಿಫಲನ ಮೆದುವಾಗಿರುತ್ತದೆ. ಫೋಟೋ ಅಂದರೆ ನಂಬಬಹುದು. ಕಿಟಕಿ ಮಾತ್ರ ಕೆಲವೊಮ್ಮೆ ಎರಡೇ.

ನನ್ನ ಆಯ್ಕೆ 5. ಕಿಟಕಿ ಎಣಿಸುವ ಕೆಲಸವನ್ನು ಪ್ರಾಂಪ್ಟ್‌ಗೆ ಬಿಡುವುದೇ ಸರಿಯಲ್ಲ. ಚಿತ್ರವನ್ನು ಕೊಟ್ಟ ರೇಖೆಗಳಿಗೆ ಹೊಂದಿಸುವ ಕಂಟ್ರೋಲ್‌ನೆಟ್‌ಗೆ ಮನೆಯ ರೇಖಾಚಿತ್ರ ಕೊಟ್ಟರೆ ಆಕಾರ ಅಲ್ಲೇ ನಿಲ್ಲುತ್ತದೆ. ರೇಖಾಚಿತ್ರವೇ ಇಲ್ಲದಿದ್ದರೆ 7ರವರೆಗೆ ಏರಿಸಿ.

ಸ್ಟೆಪ್, ಅಂದರೆ ಮಾದರಿ ಎಷ್ಟು ಹಂತಗಳಲ್ಲಿ ನಾಯ್ಸ್ ತೆಗೆದು ಚಿತ್ರ ಮೂಡಿಸುತ್ತದೆ ಎಂಬ ವಿಷಯ ಚಿಕ್ಕದು. 12ರಲ್ಲಿ ಇಟ್ಟಿಗೆಗಳ ನಡುವಿನ ಗಾರೆ ಗೆರೆಗಳು ಕಲಸಿಹೋಗುತ್ತವೆ, 30ರ ಹೊತ್ತಿಗೆ ಬಿಡಿಬಿಡಿಯಾಗುತ್ತವೆ. 60 ಕೊಟ್ಟರೆ ಸಮಯ ದುಪ್ಪಟ್ಟು, ಕಣ್ಣಿಗೆ ಕಾಣುವ ಲಾಭ ಅತ್ಯಲ್ಪ. ತಪ್ಪಿದ ಕಿಟಕಿಯನ್ನು ಸ್ಟೆಪ್ ಏರಿಸಿ ತರಲು ಹೋಗಬೇಡಿ: ಕಟ್ಟಡದ ಒಟ್ಟು ರೂಪ ಮೊದಲ ಕೆಲವು ಸ್ಟೆಪ್‌ಗಳಲ್ಲೇ ನಿರ್ಧಾರವಾಗಿರುತ್ತದೆ. ನಾಯ್ಸ್ ತೆಗೆಯುವ ವಿಧಾನ, ಅಂದರೆ ಸ್ಯಾಂಪ್ಲರ್, ಪ್ರತಿ ಸ್ಟೆಪ್‌ನಲ್ಲೂ ಹೊಸ ನಾಯ್ಸ್ ಸೇರಿಸುವ ಯೂಲರ್ ಎ ಥರದ್ದಾದರೆ ಸ್ಟೆಪ್ ಬದಲಿಸಿದಾಗ ಚಿತ್ರವೇ ಬೇರೆಯಾಗಬಹುದು, ಹೋಲಿಕೆಗೆ ಅದು ಬೇಡ.

ಕೆಲವೇ ಸ್ಟೆಪ್‌ಗಳಲ್ಲಿ ಚಿತ್ರ ಮುಗಿಸುವ ಟರ್ಬೊ, ಲೈಟ್ನಿಂಗ್ ಮಾದರಿಗಳಿಗೆ ಈ ಅಂಕಿಗಳು ಹೊಂದುವುದಿಲ್ಲ. ಅಲ್ಲಿ ಗೈಡೆನ್ಸ್ 1ರ ಆಸುಪಾಸಿನಲ್ಲೇ ಇರಬೇಕು.