ಎರಡು ಕರಡು, ಒಂದೇ ಕೆಲಸ: ಯಾವುದನ್ನು ಕಳಿಸೋದು?

ಅಂಗಡಿಯೊಂದರ ಲೆಕ್ಕಪತ್ರ ಸಹಾಯಕಿ ಕೆಲಸಕ್ಕೆ ನನ್ನ ತಂಗಿ ಎರಡು ಅರ್ಜಿ ಪತ್ರ ಬರೆದಿದ್ದಳು. ಜಾಹೀರಾತು ಕೇಳಿದ್ದು ಟ್ಯಾಲಿ ಮತ್ತು ಜಿಎಸ್‌ಟಿ ರಿಟರ್ನ್ಸ್ ಗೊತ್ತಿರುವವರನ್ನು.

ಮೊದಲನೆಯದರಲ್ಲಿ ಒಂದೂ ತಪ್ಪಿಲ್ಲ. ಆದರೆ "ನಾನು ಶ್ರಮಜೀವಿ, ತಮ್ಮ ಘನ ಸಂಸ್ಥೆಯಲ್ಲಿ ಸೇವೆ ಸಲ್ಲಿಸುವ ಸದವಕಾಶ..." ಅಂತ ಸಾಗುತ್ತದೆ. ಸಹಿ ಮುಚ್ಚಿ ಓದಿದೆ. ಪಕ್ಕದ ಮನೆಯ ಹುಡುಗನೂ ಇದಕ್ಕೆ ಸಹಿ ಹಾಕಬಹುದು! ನಿರ್ದಿಷ್ಟತೆ ಸೊನ್ನೆ, ಪುರಾವೆಯೂ ಇಲ್ಲ. ದನಿಯಂತೂ ಅವಳದಲ್ಲವೇ ಅಲ್ಲ.

ಎರಡನೆಯದು: "ಹಾಲಿನ ಸಂಘದಲ್ಲಿ 2 ವರ್ಷ 140 ಜನರ ಬಟವಾಡೆ ಲೆಕ್ಕವನ್ನು ಟ್ಯಾಲಿಯಲ್ಲಿ ಇಟ್ಟಿದ್ದೇನೆ." ಇದನ್ನು ಸಂಘಕ್ಕೆ ಫೋನ್ ಮಾಡಿ ಕೇಳಬಹುದು, ಅದೇ ಪುರಾವೆ. ಕೊರತೆಯೂ ಇದೆ, ಕಾಗುಣಿತದ ತಪ್ಪೂ ಇದೆ. ಕಾಲೇಜಿನ ಕಬಡ್ಡಿಗೆ ನಾಲ್ಕು ಸಾಲು, ಜಿಎಸ್‌ಟಿಗೆ ಒಂದೂ ಇಲ್ಲ. ಸಾಲದ್ದಕ್ಕೆ ಹಳೇ ಅರ್ಜಿಯಿಂದ ನಕಲಾಗಿ ಬೇರೆ ಅಂಗಡಿಯ ಹೆಸರು ಉಳಿದುಬಿಟ್ಟಿದೆ.

ನಾನು ಎರಡನೆಯದನ್ನೇ ಆರಿಸಿದೆ. ಕಾಗುಣಿತ ತಿದ್ದಲು ಹತ್ತು ನಿಮಿಷ ಸಾಕು, ಇಲ್ಲದ ಪುರಾವೆಯನ್ನು ತಿದ್ದಿ ತರಲಾಗಲ್ಲ, ಅಲ್ವಾ? ಅಂಗಡಿಯ ಹೆಸರು ಮಾತ್ರ ಸುಮ್ನೆ ಬಿಡುವ ತಪ್ಪಲ್ಲ, ಅದೊಂದೇ ಸಾಕು ಅರ್ಜಿ ಬುಟ್ಟಿ ಸೇರೋಕೆ. ಹೆಸರು ಸರಿಮಾಡಿದೆವು. ಕಬಡ್ಡಿ ತೆಗೆದು, ಅವಳು ಸಹಾಯ ಮಾಡಿದ್ದ ಮೂರು ತಿಂಗಳ ರಿಟರ್ನ್ಸ್ ವಿಷಯ ಸೇರಿಸಿದೆವು.